ಸೋತ ಕಣ್ಣಿಗೆ ಕಾಣುವ ಚಾರ್ಟ್

2024ರ ಜೂನ್ 3, ಸೋಮವಾರ. ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳು ಶನಿವಾರ ಸಂಜೆಯೇ ಹೊರಬಿದ್ದು, ಆಳುವ ಮೈತ್ರಿಕೂಟಕ್ಕೆ ಭಾರಿ ಬಹುಮತ ಎಂದು ಸಾರಿದ್ದವು. ಹಿಂದಿನ ಶುಕ್ರವಾರ 22,530ರಲ್ಲಿ ಮುಗಿದಿದ್ದ ನಿಫ್ಟಿ ಅಂದು ಬೆಳಿಗ್ಗೆ 9.15ಕ್ಕೆ ತೆರೆದುಕೊಂಡದ್ದೇ 23,337ರಲ್ಲಿ. ನಡುವೆ ಒಂದೇ ಒಂದು ವಹಿವಾಟೂ ನಡೆಯದೆ ಎಂಟುನೂರು ಅಂಕಗಳ ಜಿಗಿತ. ದಿನ ಮುಗಿದಾಗ ಸೂಚ್ಯಂಕ 23,263ರಲ್ಲಿತ್ತು. ಶೇ. 3.25ರ ಏರಿಕೆ, ಹಿಂದೆಂದೂ ಕಾಣದ ಎತ್ತರ. ಟಿ.ವಿ.ಯಲ್ಲಿ ಸಂಭ್ರಮ, ಟೆಲಿಗ್ರಾಂ ಗುಂಪುಗಳಲ್ಲಿ ಲಾಭದ ಸ್ಕ್ರೀನ್‌ಶಾಟ್‌ಗಳ ಸುರಿಮಳೆ.

ಆ ದಿನದ ಕ್ಯಾಂಡಲ್‌ನ ಬಣ್ಣ ಮಾತ್ರ ಕೆಂಪು.

ಚಾರ್ಟ್ ನೋಡಿ ರೂಢಿಯಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ದಿನದ ಚಾರ್ಟ್‌ನಲ್ಲಿ ಪ್ರತಿಯೊಂದು ಕ್ಯಾಂಡಲ್ ನಾಲ್ಕು ಬೆಲೆಗಳನ್ನು ಹೇಳುತ್ತದೆ: ಪೇಟೆ ತೆರೆದಾಗಿನ ಬೆಲೆ, ಮುಚ್ಚಿದಾಗಿನ ಬೆಲೆ, ದಿನದ ಗರಿಷ್ಠ, ದಿನದ ಕನಿಷ್ಠ. ತೆರೆದ ಬೆಲೆಗಿಂತ ಮುಚ್ಚಿದ ಬೆಲೆ ಮೇಲಿದ್ದರೆ ಹಸಿರು, ಕೆಳಗಿದ್ದರೆ ಕೆಂಪು. ಜೂನ್ 3ರಂದು ತೆರೆದದ್ದು 23,337, ಮುಚ್ಚಿದ್ದು 23,263. ಗರಿಷ್ಠ ಬೆಲೆಯೂ ತೆರೆದ ಬೆಲೆಯೂ ಹೆಚ್ಚುಕಡಿಮೆ ಒಂದೇ. ಅಂದರೆ ಆ ದಿನದ ಏರಿಕೆಯೆಲ್ಲ ಪೇಟೆ ತೆರೆಯುವ ಮೊದಲೇ ಆಗಿಹೋಗಿತ್ತು. ಲಾಭ ಸಿಕ್ಕಿದ್ದು ಶುಕ್ರವಾರವೇ ಕೊಂಡು ಇಟ್ಟುಕೊಂಡಿದ್ದವರಿಗೆ. ಸೋಮವಾರ ಬೆಳಿಗ್ಗೆ ಗಂಟೆ ಬಾರಿಸಿದ ಕೂಡಲೇ ಓಡಿ ಬಂದು ಕೊಂಡವರು, ಪೇಟೆ ದಾಖಲೆ ಬರೆದ ದಿನವೇ ಸಂಜೆಗೆ ಸಣ್ಣ ನಷ್ಟದಲ್ಲಿದ್ದರು.

ಇದು ಗುಟ್ಟಿನ ಮಾಹಿತಿಯೇನಲ್ಲ. ಪ್ರತಿಯೊಬ್ಬರ ಮೊಬೈಲ್ ಪರದೆಯ ಮೇಲೂ ಆ ಕೆಂಪು ಕ್ಯಾಂಡಲ್ ಇತ್ತು. ಆದರೂ ಎಷ್ಟೋ ಜನ ಅದನ್ನು ಏರುವ ಪೇಟೆ ಎಂದೇ ಓದಿದರು. ಕಾರಣ, ಅವರು ನೋಡುತ್ತಿದ್ದದ್ದು ಕ್ಯಾಂಡಲ್ ಅಲ್ಲ. ತಮ್ಮ ಕೈತಪ್ಪಿದ ಆ ಎಂಟುನೂರು ಅಂಕಗಳನ್ನು.

ಟ್ರೇಡಿಂಗ್ ಮಾಡುವವರು ಇದನ್ನು ಫೋಮೋ ಎನ್ನುತ್ತಾರೆ. ಎಲ್ಲರಿಗೂ ಸಿಕ್ಕಿದ್ದು ತನಗೊಬ್ಬನಿಗೆ ತಪ್ಪಿಹೋಯಿತು, ಇನ್ನೂ ತಪ್ಪಿಹೋಗುತ್ತಿದೆ ಎಂಬ ಚಡಪಡಿಕೆ ಅದು. ಈ ಚಡಪಡಿಕೆಯಲ್ಲಿ ಕೇಳಬೇಕಾದ ಪ್ರಶ್ನೆಯೇ ಬದಲಾಗಿಬಿಡುತ್ತದೆ. ಜೂನ್ 3ರಂದು 23,250ರಲ್ಲಿ ಕೊಳ್ಳುವವನು ಕೇಳಿಕೊಳ್ಳಬೇಕಿದ್ದದ್ದು ‘ಇಲ್ಲಿಂದ ಮೇಲೆ ಹೋಗಲು ಏನಾಗಬೇಕು?’ ಎಂದು. ಸಮೀಕ್ಷೆಗಳು ಹೇಳಿದ ಗೆಲುವಿನ ಬೆಲೆ ಆಗಲೇ ನಿಫ್ಟಿಯಲ್ಲಿ ಸೇರಿಹೋಗಿತ್ತು. ಇನ್ನೂ ಏರಬೇಕಾದರೆ ಮರುದಿನದ ಫಲಿತಾಂಶ ಸಮೀಕ್ಷೆಗಳಿಗಿಂತಲೂ ಚೆನ್ನಾಗಿರಬೇಕಿತ್ತು. ಸಮೀಕ್ಷೆಯಷ್ಟೇ ಬಂದರೆ ದೊಡ್ಡ ಲಾಭವಿಲ್ಲ, ಕಡಿಮೆ ಬಂದರೆ ಬೀಳಲು ಎಂಟುನೂರು ಅಂಕಗಳ ಖಾಲಿ ಜಾಗ ಕೆಳಗಿತ್ತು. ಒಂದು ಪಕ್ಕ ಅಲ್ಪ ಲಾಭ, ಇನ್ನೊಂದು ಪಕ್ಕ ದೊಡ್ಡ ನಷ್ಟ. ಲೆಕ್ಕ ಇಷ್ಟು ಸರಳವಾಗಿತ್ತು. ಫೋಮೋ ಹಿಡಿದವನು ಕೇಳುವ ಪ್ರಶ್ನೆ ಬೇರೆ: ‘ನಾನೂ ಒಳಗಿರಬೇಡವೇ?’

ಮರುದಿನ, ಜೂನ್ 4ರಂದು, ಮತ ಎಣಿಕೆ ಶುರುವಾದ ಕೆಲವೇ ಗಂಟೆಗಳಲ್ಲಿ ಬಿಜೆಪಿಗೆ ಸ್ವಂತ ಬಲದ ಬಹುಮತವಿಲ್ಲ ಎಂಬುದು ಕಾಣತೊಡಗಿತು. ಮಧ್ಯಾಹ್ನದ ಹೊತ್ತಿಗೆ ನಿಫ್ಟಿ 21,281ಕ್ಕೆ ಇಳಿದಿತ್ತು. ಹಿಂದಿನ ದಿನದಿಂದ ಲೆಕ್ಕ ಹಾಕಿದರೆ ಸುಮಾರು 2,000 ಅಂಕಗಳ ಕುಸಿತ. ಅಲ್ಲಿಂದ ಚೇತರಿಸಿಕೊಂಡು 21,884ರಲ್ಲಿ ದಿನ ಮುಗಿಸಿತು. ಶೇ. 5.93ರ ಇಳಿಕೆ ಅಂದರೆ, ಕೋವಿಡ್ ಕಾಲದ 2020ರ ನಂತರ ಒಂದೇ ದಿನ ಕಂಡ ಅತಿ ದೊಡ್ಡ ಕುಸಿತ. ಜೂನ್ 5ರಂದು ಮೈತ್ರಿ ಸರ್ಕಾರ ರಚನೆಯಾಗುವುದು ಖಚಿತವಾಗುತ್ತಿದ್ದಂತೆ ಸೂಚ್ಯಂಕ 22,620ಕ್ಕೆ ಏರಿತು. ಜೂನ್ 7ರ ಶುಕ್ರವಾರ 23,290ಕ್ಕೆ ಮುಗಿಯಿತು. ಸೋಮವಾರದ ದಾಖಲೆಯ ಮಟ್ಟಕ್ಕಿಂತಲೂ ತುಸು ಮೇಲೆ.

ಈ ಐದು ದಿನಗಳ ಅಂಕಿಗಳನ್ನು ಇಟ್ಟುಕೊಂಡು ಒಬ್ಬ ವಹಿವಾಟುದಾರನ ಲೆಕ್ಕವನ್ನು ಬಿಡಿಸಿ ನೋಡಬಹುದು. ವ್ಯಕ್ತಿ ಕಲ್ಪಿತ, ಬೆಲೆಗಳು ನಿಜವಾದವು. ಆಗ ನಿಫ್ಟಿಯ ಒಂದು ಲಾಟ್ ಎಂದರೆ 25. ಸೂಚ್ಯಂಕ ಒಂದು ಅಂಕ ಏರಿದರೆ ಅಥವಾ ಇಳಿದರೆ ಫ್ಯೂಚರ್ಸ್ ಹಿಡಿದವನಿಗೆ 25 ರೂಪಾಯಿ ಬರುತ್ತದೆ ಅಥವಾ ಹೋಗುತ್ತದೆ. ಫ್ಯೂಚರ್ಸ್ ಬೆಲೆ ಸೂಚ್ಯಂಕದಿಂದ ಸ್ವಲ್ಪ ಆಚೀಚೆ ಇರುತ್ತದೆ, ಬ್ರೋಕರೇಜು ತೆರಿಗೆಗಳೂ ಇರುತ್ತವೆ. ಲೆಕ್ಕ ಸುಲಭವಾಗಲೆಂದು ಅವನ್ನು ಬಿಡೋಣ.

ಆತ ಸೋಮವಾರ 23,250ರಲ್ಲಿ ಒಂದು ಲಾಟ್ ಕೊಂಡ. ಸ್ಟಾಪ್‌ಲಾಸ್ ಹಾಕಲಿಲ್ಲ, ದಾಖಲೆ ಬರೆಯುವ ಪೇಟೆಯಲ್ಲಿ ಅದೇಕೆ ಎನಿಸಿತ್ತು. ಮಂಗಳವಾರ ಬೆಳಿಗ್ಗೆ ಇನ್ನೂರು ಅಂಕ ಬಿದ್ದಾಗ ‘ತಿರುಗುತ್ತದೆ’ ಎಂದುಕೊಂಡ. ಐದುನೂರು ಬಿದ್ದಾಗ ಮಾರಲು ಮನಸ್ಸು ಬರಲಿಲ್ಲ. ಕೊನೆಗೆ 21,500ರಲ್ಲಿ ತಾಳಲಾರದೆ ಮಾರಿದ. 1,750 ಅಂಕ, 43,750 ರೂಪಾಯಿ ನಷ್ಟ.

ಇಲ್ಲಿಯವರೆಗಿನದು ಫೋಮೋ ತಂದ ನಷ್ಟ. ಕೆಟ್ಟದ್ದು, ಆದರೆ ಮುಗಿದದ್ದು. ಮುಂದಿನ ಹೆಜ್ಜೆಯೇ ಟ್ರೇಡರುಗಳ ಬಾಯಲ್ಲಿ ರಿವೆಂಜ್ ಟ್ರೇಡಿಂಗ್ ಎನಿಸಿಕೊಳ್ಳುವಂಥದ್ದು. ಮಾರಿದ ಕೆಲವೇ ನಿಮಿಷಗಳಲ್ಲಿ ಆತ ಅದೇ 21,500ರಲ್ಲಿ ಎರಡು ಲಾಟ್ ಶಾರ್ಟ್ ಮಾಡಿದ, ಅಂದರೆ ಪೇಟೆ ಇನ್ನೂ ಬೀಳುತ್ತದೆ ಎಂದು ಪಣ ಕಟ್ಟಿದ. ಒಂದು ಲಾಟ್ ಸಾಲದೇ ಎಂದರೆ, ಒಂದರಲ್ಲಿ ನಷ್ಟ ತುಂಬಲು 1,750 ಅಂಕ ಬೀಳಬೇಕು, ಎರಡಾದರೆ 875 ಸಾಕು. ಲಾಟ್‌ಗಳ ಸಂಖ್ಯೆಯನ್ನು ನಿರ್ಧರಿಸಿದ್ದು ಚಾರ್ಟ್ ಅಲ್ಲ, ಆತ ವಸೂಲು ಮಾಡಬೇಕೆಂದಿದ್ದ ಮೊತ್ತ. ಮೊದಮೊದಲು ಇನ್ನೂರು ಅಂಕ ಲಾಭವೂ ಕಂಡಿತು. 43,750 ಆಗುವ ತನಕ ಬಿಡಲಾರೆ ಎಂದು ಹಿಡಿದುಕೊಂಡ. ಪೇಟೆ ತಿರುಗಿತು. ಬುಧವಾರ ಸಂಜೆ 22,620ರಲ್ಲಿ ಸೋತು ಹೊರಬಂದಾಗ ಈ ಎರಡನೆಯ ವಹಿವಾಟಿನಲ್ಲಿ ಹೋದದ್ದು 56,000 ರೂಪಾಯಿ. ಎರಡೂ ಸೇರಿ 99,750.

ಸೋಮವಾರ ಕೊಂಡದ್ದನ್ನು ಮುಟ್ಟದೆ ಶುಕ್ರವಾರದವರೆಗೆ ಬಿಟ್ಟಿದ್ದರೆ ಸಾವಿರ ರೂಪಾಯಿ ಲಾಭವಿರುತ್ತಿತ್ತು. ಹಾಗೆಂದು ಬಿಡಬೇಕಿತ್ತು ಎಂದು ಇದರ ಅರ್ಥವಲ್ಲ. ಆ ಮಂಗಳವಾರ ಮಧ್ಯಾಹ್ನ ಶುಕ್ರವಾರದ ಬೆಲೆ ಯಾರಿಗೂ ಗೊತ್ತಿರಲಿಲ್ಲ. ಬಿದ್ದದ್ದು ಎದ್ದೇ ಏಳುತ್ತದೆ ಎಂದು ನಂಬಿ ಕೂತವರು ಮುಳುಗಿದ ಉದಾಹರಣೆಗಳು ಬೇಕಾದಷ್ಟಿವೆ. ಗಮನಿಸಬೇಕಾದದ್ದು ಬೇರೆ: ಮೊದಲ ನಷ್ಟಕ್ಕಿಂತ ಎರಡನೆಯದು ದೊಡ್ಡದು, ಮತ್ತು ಆ ಎರಡನೆಯದಕ್ಕೆ ಮೊದಲನೆಯದೇ ಕಾರಣ. ಬೆಳಿಗ್ಗೆಯಿಂದ ಸುಮ್ಮನೆ ನೋಡುತ್ತಿದ್ದ ಬೇರೊಬ್ಬ, ಎರಡು ಸಾವಿರ ಅಂಕದಷ್ಟು ಬಿದ್ದ ಪೇಟೆಯಲ್ಲಿ, ಅಷ್ಟು ತಡವಾಗಿ, ಎರಡು ಲಾಟ್ ಶಾರ್ಟ್ ಮಾಡಲು ಹತ್ತು ಸಲ ಯೋಚಿಸುತ್ತಿದ್ದ.

ಇಬ್ಬರೂ ನೋಡುತ್ತಿದ್ದದ್ದು ಒಂದೇ ಚಾರ್ಟ್. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ಡೇನಿಯಲ್ ಕಾಹ್ನೆಮನ್ ಮತ್ತು ಏಮೋಸ್ ಟ್ವೆರ್‌ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇದಕ್ಕೆ ಸುಳಿವಿದೆ. ಅವರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಮೊದಲನೆಯದರಲ್ಲಿ ನಿಮಗೆ 1,000 ಕೊಟ್ಟಿದೆ. ಈಗ ಇನ್ನೂ 500 ಖಚಿತವಾಗಿ ಪಡೆಯುತ್ತೀರೋ, ಇಲ್ಲ ನಾಣ್ಯ ಚಿಮ್ಮಿ 1,000 ಅಥವಾ ಏನೂ ಇಲ್ಲ ಎಂಬುದನ್ನು ಆರಿಸುತ್ತೀರೋ? ನೂರಕ್ಕೆ 84 ಜನ ಖಚಿತವಾದ 500 ಸಾಕು ಎಂದರು. ಎರಡನೆಯದರಲ್ಲಿ ನಿಮಗೆ 2,000 ಕೊಟ್ಟಿದೆ. ಈಗ ಖಚಿತವಾಗಿ 500 ಕಳೆದುಕೊಳ್ಳುತ್ತೀರೋ, ಇಲ್ಲ ನಾಣ್ಯ ಚಿಮ್ಮಿ 1,000 ಕಳೆದುಕೊಳ್ಳುವುದು ಅಥವಾ ಏನೂ ಕಳೆದುಕೊಳ್ಳದಿರುವುದನ್ನು ಆರಿಸುತ್ತೀರೋ? ಈ ಸಲ ನೂರಕ್ಕೆ 69 ಜನ ನಾಣ್ಯವನ್ನೇ ಆರಿಸಿದರು. ಲೆಕ್ಕ ಹಾಕಿ ನೋಡಿದರೆ ಎರಡೂ ಪ್ರಶ್ನೆಗಳಲ್ಲಿ ಕೊನೆಗೆ ಕೈಯಲ್ಲಿ ಉಳಿಯುವ ಹಣ ಒಂದೇ: ಖಚಿತವಾಗಿ 1,500, ಇಲ್ಲವೇ 1,000 ಅಥವಾ 2,000. ‘ಪಡೆಯುವುದು’ ಎಂದಾಗ ಹುಷಾರಾಗಿದ್ದವರು ‘ಕಳೆದುಕೊಳ್ಳುವುದು’ ಎಂದಾಗ ಜೂಜಿಗೆ ಮುಂದಾದರು. ನಷ್ಟದಲ್ಲಿ ಕುಳಿತ ಮನುಷ್ಯ ಹೆದರಿ ಹಿಂಜರಿಯುತ್ತಾನೆ ಎಂದು ನಾವು ಅಂದುಕೊಳ್ಳುತ್ತೇವೆ. ಆ ನಷ್ಟವನ್ನು ಆತ ಇನ್ನೂ ಒಪ್ಪಿಕೊಂಡಿಲ್ಲವಾದರೆ ನಡೆಯುವುದು ಇದಕ್ಕೆ ತದ್ವಿರುದ್ಧ. ಸೊನ್ನೆಗೆ ಮರಳುವ ಒಂದು ಸಾಧ್ಯತೆಗಾಗಿ, ಬೇರೆ ಹೊತ್ತಿನಲ್ಲಿ ಮುಟ್ಟದಂಥ ಅಪಾಯವನ್ನೂ ಮೈಮೇಲೆ ಎಳೆದುಕೊಳ್ಳುತ್ತಾನೆ.

ಎರಡು ಲಾಟ್ ಏಕೆ ಎಂಬುದಕ್ಕೆ ಇದು ಉತ್ತರ. ಆದರೆ ಚಾರ್ಟ್ ಏಕೆ ಬೇರೆಯಾಗಿ ಕಂಡಿತು ಎಂಬುದಕ್ಕೆ ಪರದೆಯ ಹತ್ತಿರ ಹೋಗಬೇಕು.

ಪೊಸಿಷನ್ ತೆಗೆದುಕೊಂಡ ಕೂಡಲೇ ಬಹಳಷ್ಟು ಆ್ಯಪ್‌ಗಳು ಚಾರ್ಟ್‌ನ ಮೇಲೆ ಒಂದು ಅಡ್ಡಗೆರೆ ಎಳೆಯುತ್ತವೆ. ನೀವು ಕೊಂಡ ಬೆಲೆ ಅದು. ಪಕ್ಕದಲ್ಲಿ ಲಾಭನಷ್ಟದ ಮೊತ್ತ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ಪೇಟೆಯ ದೃಷ್ಟಿಯಲ್ಲಿ ಆ ಗೆರೆಗೆ ಯಾವ ಅರ್ಥವೂ ಇಲ್ಲ. ನೀವು 23,250ರಲ್ಲಿ ಕೊಂಡದ್ದು ನಿಮ್ಮನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅಲ್ಲಿಗೆ ಮರಳಬೇಕಾದ ಹಂಗು ಪೇಟೆಗಿಲ್ಲ. ಆದರೆ ನಷ್ಟದಲ್ಲಿರುವವನಿಗೆ ಇಡೀ ಚಾರ್ಟ್‌ನಲ್ಲಿ ಅತಿ ಮುಖ್ಯವಾಗಿ ಕಾಣುವ ಮಟ್ಟ ಅದೇ. ‘ಇಲ್ಲಿಂದ ಎಲ್ಲಿಗೆ?’ ಎನ್ನುವ ಬದಲು ‘ಅಲ್ಲಿಗೆ ಯಾವಾಗ?’ ಎಂದು ಓದತೊಡಗುತ್ತಾನೆ.

ಆಮೇಲೆ ಟೈಮ್‌ಫ್ರೇಮ್ ಬದಲಾಗುತ್ತದೆ. ಹದಿನೈದು ನಿಮಿಷದ ಚಾರ್ಟ್ ನೋಡಿ ಕೊಂಡವನು, ಬೆಲೆ ಬಿದ್ದಾಗ ದಿನದ ಚಾರ್ಟ್‌ಗೆ ಹೋಗುತ್ತಾನೆ. ಅಲ್ಲಿ ಎಲ್ಲೋ ಕೆಳಗೆ ಒಂದು ಸಪೋರ್ಟ್ ಸಿಗುತ್ತದೆ. ಅದೂ ಮುರಿದರೆ ವಾರದ ಚಾರ್ಟ್. ದೂರ ಹೋದಷ್ಟೂ ಬಿದ್ದದ್ದು ಚಿಕ್ಕದಾಗಿ ಕಾಣುತ್ತದೆ, ಸಮಾಧಾನ ಸಿಗುತ್ತದೆ. ಮಾರಿದ ನಂತರ ಹಟಕ್ಕೆ ಬಿದ್ದಾಗ ಇದೇ ಪಯಣ ಹಿಮ್ಮುಖವಾಗಿ ನಡೆಯುತ್ತದೆ: ಐದು ನಿಮಿಷ, ಮೂರು ನಿಮಿಷ, ಒಂದು ನಿಮಿಷ. ನಮ್ಮ ಪೇಟೆ ದಿನಕ್ಕೆ 375 ನಿಮಿಷ ತೆರೆದಿರುತ್ತದೆ. ಹದಿನೈದು ನಿಮಿಷದ ಚಾರ್ಟ್‌ನಲ್ಲಿ ಅಂದರೆ 25 ಕ್ಯಾಂಡಲ್, ಒಂದು ನಿಮಿಷದ್ದರಲ್ಲಿ 375. ಹುಡುಕುವ ಜಾಗ ಹದಿನೈದು ಪಟ್ಟಾದಾಗ ಬೇಕಾದ ಆಕಾರ ಸಿಗುವುದೂ ಅಷ್ಟೇ ಸುಲಭ. ಬ್ರೇಕೌಟ್ ಬೇಕೆಂದರೆ ಬ್ರೇಕೌಟ್, ರಿವರ್ಸಲ್ ಬೇಕೆಂದರೆ ರಿವರ್ಸಲ್.

ಹೀಗೆ ಇಲ್ಲದ್ದನ್ನು ಕಾಣುವ ಬಗ್ಗೆ ಜೆನ್ನಿಫರ್ ವಿಟ್ಸನ್ ಮತ್ತು ಆ್ಯಡಂ ಗಲಿನ್‌ಸ್ಕಿ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ಸರಣಿಯನ್ನು ಪ್ರಕಟಿಸಿದರು. ಪರಿಸ್ಥಿತಿ ತಮ್ಮ ಕೈಮೀರಿದೆ ಎಂಬ ಭಾವನೆಯನ್ನು ಹುಟ್ಟಿಸಿದ ಮೇಲೆ ಜನರಿಗೆ ಚುಕ್ಕೆಗಳು ತುಂಬಿದ ಮಸುಕು ಚಿತ್ರಗಳನ್ನು ತೋರಿಸಿದರು. ಏನೂ ಇಲ್ಲದ ಚಿತ್ರಗಳಲ್ಲೂ ಇವರಿಗೆ ಉಳಿದವರಿಗಿಂತ ಹೆಚ್ಚಾಗಿ ಆಕೃತಿಗಳು ಕಂಡವು. ಷೇರುಪೇಟೆಯ ಮಾಹಿತಿಯಲ್ಲೂ ಇಲ್ಲದ ಸಂಬಂಧಗಳು ಕಂಡವು. ನಂತರ ಬೇರೆ ಸಂಶೋಧಕರು ಇದನ್ನು ಮತ್ತೆ ಮಾಡಿ ನೋಡಿದಾಗ ಅದೇ ಫಲಿತಾಂಶ ಬಾರದಿದ್ದದ್ದೂ ಉಂಟು. ಹಾಗಾಗಿ ಇದನ್ನು ಕೊನೆಯ ಮಾತೆಂದು ಹಿಡಿಯುವಂತಿಲ್ಲ. ಆದರೆ ಹಣ ಕಳೆದುಕೊಂಡ ಅರ್ಧ ಗಂಟೆಯಲ್ಲಿ ಗೆರೆಯ ಮೇಲೆ ಗೆರೆ ಎಳೆದು, ಒಂದಾದ ಮೇಲೊಂದು ಇಂಡಿಕೇಟರ್ ಹಾಕುತ್ತ ಕುಳಿತವರನ್ನು ಹತ್ತಿರದಿಂದ ನೋಡಿದವರಿಗೆ ಆ ಪ್ರಯೋಗ ಏನನ್ನು ಹಿಡಿಯಲು ಹೊರಟಿತ್ತು ಎಂಬುದು ತಕ್ಷಣ ಅರ್ಥವಾಗುತ್ತದೆ.

ಜೂನ್ 4ರ ಕ್ಯಾಂಡಲ್‌ನಲ್ಲಿ ಇನ್ನೂ ಒಂದು ಪಾಠವಿದೆ. ಇವತ್ತು ಆ ದಿನದ ಚಾರ್ಟ್ ತೆರೆದು ನೋಡಿದರೆ ಉದ್ದನೆಯ ಕೆಂಪು ಮೈಯ ಕೆಳಗೆ ಆರುನೂರು ಅಂಕಗಳ ಬಾಲ ನೇತಾಡುತ್ತಿರುವುದು ಕಾಣುತ್ತದೆ. ಅಷ್ಟು ಉದ್ದದ ಬಾಲ ಎಂದರೆ ಕೆಳಮಟ್ಟದಲ್ಲಿ ಯಾರೋ ಜೋರಾಗಿ ಕೊಂಡಿದ್ದಾರೆ ಎಂದರ್ಥ. ಪುಸ್ತಕ ಓದಿದವರೆಲ್ಲ ಹೇಳಬಲ್ಲರು. ಆದರೆ ಮಧ್ಯಾಹ್ನ ಸೂಚ್ಯಂಕ ತಳ ಮುಟ್ಟಿದ ಆ ಗಳಿಗೆಯಲ್ಲಿ ಬಾಲ ಇರಲೇ ಇಲ್ಲ. ಇದ್ದದ್ದು ಎರಡು ಸಾವಿರ ಅಂಕದಷ್ಟು ಉದ್ದದ, ತಳದಲ್ಲೇ ನಿಂತ, ಅತ್ಯಂತ ಭಯಾನಕವಾಗಿ ಕಾಣುವ ಕೆಂಪು ಕಂಬ. ಕ್ಯಾಂಡಲ್ ಪೂರ್ತಿಯಾಗುವುದು ಮಧ್ಯಾಹ್ನ 3.30ಕ್ಕೆ. ಅದಕ್ಕೂ ಮುಂಚೆ ಓದಿದರೆ ಅರ್ಧ ವಾಕ್ಯ ಓದಿದಂತೆ. ಶಾಂತವಾಗಿದ್ದವನು ದಿನದ ಕ್ಯಾಂಡಲ್ ಮುಗಿಯಲಿ ಎಂದು ಕಾಯಬಲ್ಲ. ನಷ್ಟವನ್ನು ಇವತ್ತೇ, ಈಗಲೇ ತುಂಬಬೇಕೆಂದವನಿಗೆ ಕಾಯಲು ಸಮಯವೆಲ್ಲಿದೆ?

ನಮ್ಮ ಉದಾಹರಣೆಯ ವ್ಯಕ್ತಿ ಫ್ಯೂಚರ್ಸ್ ಹಿಡಿದಿದ್ದ. ಆದರೆ ಸಣ್ಣ ಬಂಡವಾಳದವರಲ್ಲಿ ಹೆಚ್ಚಿನವರು ಕೊಳ್ಳುವುದು ಆಪ್ಷನ್: ಏರುತ್ತದೆ ಎಂದರೆ ಕಾಲ್, ಬೀಳುತ್ತದೆ ಎಂದರೆ ಪುಟ್. ಇಲ್ಲಿ ಭಾವನೆಯ ಬೆಲೆ ನೇರವಾಗಿ ಕಣ್ಣಿಗೆ ಬೀಳುತ್ತದೆ. ಆಪ್ಷನ್‌ಗೆ ಕೊಡುವ ಪ್ರೀಮಿಯಂ ಎಷ್ಟು ಎಂಬುದು ಸೂಚ್ಯಂಕ ಎಲ್ಲಿದೆ ಎಂಬುದರ ಮೇಲಷ್ಟೇ ನಿಂತಿಲ್ಲ. ಮುಂದೆ ಅದು ಎಷ್ಟು ಓಲಾಡಬಹುದೆಂದು ಪೇಟೆ ಭಾವಿಸಿದೆ ಎಂಬುದರ ಮೇಲೂ ನಿಂತಿದೆ. ಆ ನಿರೀಕ್ಷೆಯನ್ನು ಅಳೆಯುವ ಸೂಚ್ಯಂಕವೇ ಇಂಡಿಯಾ ವಿಕ್ಸ್. ಜೂನ್ 4ರ ಗಾಬರಿಯ ಹೊತ್ತಿನಲ್ಲಿ ಅದು 31 ದಾಟಿತ್ತು. ಮರುದಿನ 19ಕ್ಕೂ ಕೆಳಗಿಳಿದಿತ್ತು. ಅಂದರೆ ಮಂಗಳವಾರ ಮಧ್ಯಾಹ್ನ ಪುಟ್ ಕೊಂಡವರು ಗಾಬರಿ ಅತಿ ದುಬಾರಿಯಾಗಿದ್ದಾಗ ಅದನ್ನು ಕೊಂಡಿದ್ದರು. ನಿಫ್ಟಿ ಏರದೆ ಅಲ್ಲಿಯೇ ನಿಂತಿದ್ದರೂ, ಗಾಬರಿ ಇಳಿದ ಮಾತ್ರಕ್ಕೆ ಅವರ ಪುಟ್ ಬೆಲೆ ಕುಸಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಸ್ವಲ್ಪ ಬಿದ್ದರೂ ಪುಟ್ ಕೊಂಡವನಿಗೆ ಲಾಭ ಬಾರದಿರುವುದುಂಟು. ‘ನಾನು ಹೇಳಿದಂತೆಯೇ ಆಯಿತು, ಆದರೂ ದುಡ್ಡು ಹೋಯಿತಲ್ಲ’ ಎಂದು ಹೊಸಬರು ಕಂಗಾಲಾಗುವುದು ಇಲ್ಲಿಯೇ. ಆ ಕಂಗಾಲಿನಿಂದಲೇ ಇನ್ನೊಂದು ಆಪ್ಷನ್ ಕೊಳ್ಳುವುದೂ ಇಲ್ಲಿಯೇ.

ಇದು ಹೊಸಬರ ರೋಗ ಮಾತ್ರ ಎಂದುಕೊಂಡರೆ ತಪ್ಪು. ಅಮೆರಿಕದ ಜೋಷುವಾ ಕೋವಲ್ ಮತ್ತು ಟೈಲರ್ ಶಮ್ವೇ ಎಂಬ ಸಂಶೋಧಕರು ಷಿಕಾಗೋ ವಿನಿಮಯ ಕೇಂದ್ರದಲ್ಲಿ ಸ್ವಂತ ಹಣ ಹಾಕಿ ಬಾಂಡ್ ಫ್ಯೂಚರ್ಸ್ ವ್ಯಾಪಾರ ಮಾಡುತ್ತಿದ್ದ ವೃತ್ತಿಪರರ ವಹಿವಾಟುಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಬಂಧ ಪ್ರಕಟಿಸಿದರು. ಬೆಳಗಿನ ಅವಧಿಯಲ್ಲಿ ಸೋತವರು ಮಧ್ಯಾಹ್ನ ಮಾಮೂಲಿಗಿಂತ ಹೆಚ್ಚು ಅಪಾಯ ಹೊರುತ್ತಿದ್ದರು. ಹಾಗೆ ಹೊರಲು ದುಬಾರಿ ಬೆಲೆಗೆ ಕೊಂಡು ಅಗ್ಗಕ್ಕೆ ಮಾರಲೂ ಸಿದ್ಧರಿರುತ್ತಿದ್ದರು. ಇವರು ಅಲುಗಾಡಿಸಿದ ಬೆಲೆ ಸ್ವಲ್ಪ ಹೊತ್ತಿನಲ್ಲೇ ಮೊದಲಿನ ಜಾಗಕ್ಕೆ ಮರಳುತ್ತಿತ್ತು. ಬೇರೆಯವರು ಇವರ ಅವಸರದ ಎದುರು ನಿಂತು ಲಾಭ ಮಾಡಿಕೊಳ್ಳುತ್ತಿದ್ದರು ಎಂದಾಯಿತು.

ಸೋಲನ್ನು ಒಪ್ಪದ ವೃತ್ತಿಪರನೊಬ್ಬ ಎಲ್ಲಿಗೆ ಮುಟ್ಟಬಲ್ಲ ಎಂಬುದಕ್ಕೆ ನಿಕ್ ಲೀಸನ್‌ನ ಕಥೆ ಎಲ್ಲರಿಗೂ ಗೊತ್ತು. ಬ್ಯಾರಿಂಗ್ಸ್ ಬ್ಯಾಂಕಿನ ಸಿಂಗಪುರ ಕಚೇರಿಯಲ್ಲಿದ್ದ ಈತ ನಷ್ಟಗಳನ್ನೆಲ್ಲ 88888 ಎಂಬ ಖಾತೆಯಲ್ಲಿ ಬಚ್ಚಿಟ್ಟಿದ್ದ. 1995ರ ಜನವರಿ 17ರಂದು ಜಪಾನಿನ ಕೋಬೆಯಲ್ಲಿ ಭೂಕಂಪವಾಗಿ ನಿಕ್ಕೇ ಸೂಚ್ಯಂಕ ಕುಸಿದಾಗ ಹಿಂದೆ ಸರಿಯಲಿಲ್ಲ. ಪೇಟೆ ಏರಲೇಬೇಕೆಂದು ಇನ್ನಷ್ಟು, ಮತ್ತಷ್ಟು ಫ್ಯೂಚರ್ಸ್ ಕೊಂಡ. ಪೇಟೆ ಏರಲಿಲ್ಲ. ಒಟ್ಟು ನಷ್ಟ 82.7 ಕೋಟಿ ಪೌಂಡ್ ಮುಟ್ಟಿತು. ಇನ್ನೂರು ವರ್ಷಕ್ಕೂ ಹಳೆಯದಾದ ಬ್ಯಾಂಕ್ ಒಂದು ಪೌಂಡಿಗೆ ಮಾರಾಟವಾಯಿತು.

ನಮ್ಮ ದೇಶದ ಚಿತ್ರವನ್ನು ಸೆಬಿ ತಾನೇ ಲೆಕ್ಕ ಹಾಕಿ ತೋರಿಸಿದೆ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಅದರ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ನೂರಕ್ಕೆ 93 ಜನ ಸೋತರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು. ಆದರೆ ಈ ಲೇಖನದ ವಿಷಯಕ್ಕೆ ಹೆಚ್ಚು ಮುಖ್ಯವಾದ ಸಾಲು ಅದೇ ವರದಿಯಲ್ಲಿ ಬೇರೆಡೆ ಇದೆ: ಸತತ ಎರಡು ವರ್ಷ ಸೋತ ನಂತರವೂ ಸೋತವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ವಹಿವಾಟು ಮುಂದುವರಿಸಿದ್ದರು. ಅದೇ ವರ್ಷ ಷೇರುಗಳ ಇಂಟ್ರಾಡೇ ವಹಿವಾಟಿನ ಬಗ್ಗೆ ಬಂದ ಇನ್ನೊಂದು ಅಧ್ಯಯನವೂ ಅದೇ ದಿಕ್ಕಿಗೆ ಬೆರಳು ತೋರಿಸುತ್ತದೆ. ಹತ್ತರಲ್ಲಿ ಏಳು ಮಂದಿ ಸೋತಿದ್ದರೆ, ವರ್ಷಕ್ಕೆ 500ಕ್ಕಿಂತ ಹೆಚ್ಚು ವಹಿವಾಟು ಮಾಡಿದವರಲ್ಲಿ ಹತ್ತಕ್ಕೆ ಎಂಟು. ಸರಾಸರಿಯಲ್ಲಿ ಗೆದ್ದವರಿಗಿಂತ ಸೋತವರೇ ಹೆಚ್ಚು ಸಲ ಕೊಂಡು ಮಾರಿದ್ದರು.

ಹೆಚ್ಚು ಸಲ ಮಾಡಿದ್ದರಿಂದ ಸೋತರೋ, ಸೋತದ್ದರಿಂದ ಹೆಚ್ಚು ಸಲ ಮಾಡಿದರೋ ಎಂಬುದನ್ನು ಆ ಅಂಕಿಗಳು ಬಿಡಿಸಿ ಹೇಳುವುದಿಲ್ಲ. ಬಹುಶಃ ಎರಡೂ ನಿಜ. ಪ್ರತಿಯೊಬ್ಬನೂ ತನ್ನ ಮಟ್ಟಿಗೆ ಇದನ್ನು ಪರೀಕ್ಷಿಸಿಕೊಳ್ಳಲು ಮಾತ್ರ ಸಾಧ್ಯವಿದೆ. ಬ್ರೋಕರ್ ಆ್ಯಪ್‌ನಿಂದ ಟ್ರೇಡ್‌ಬುಕ್ ಇಳಿಸಿಕೊಂಡರೆ ಪ್ರತಿಯೊಂದು ವಹಿವಾಟಿನ ಸಮಯ ಅದರಲ್ಲಿರುತ್ತದೆ. ನಷ್ಟದಲ್ಲಿ ಮುಗಿದ ಒಂದೊಂದು ವಹಿವಾಟಿನ ಮುಂದೆ ಎರಡು ಅಂಕಿ ಬರೆಯಬೇಕು: ಮುಂದಿನದು ಎಷ್ಟು ನಿಮಿಷದ ನಂತರ ಶುರುವಾಯಿತು, ಅದರ ಲಾಟ್ ಹಿಂದಿನದಕ್ಕಿಂತ ಹೆಚ್ಚೋ ಕಡಿಮೆಯೋ. ಲಾಭದ ನಂತರದ ವಹಿವಾಟುಗಳಿಗೂ ಹೀಗೆಯೇ ಬರೆಯಬೇಕು. ನಷ್ಟದ ನಂತರ ಅಂತರ ಕಿರಿದಾಗಿ, ಲಾಟ್ ಹಿಗ್ಗಿದ್ದರೆ, ಆ ವಹಿವಾಟುಗಳನ್ನು ಮಾಡಿಸಿದ್ದು ಚಾರ್ಟ್ ಅಲ್ಲ. ಅವನ್ನು ಬೇರೆಯಾಗಿ ಕೂಡಿಸಿ ನೋಡಿದಾಗ, ವರ್ಷದ ನಷ್ಟದಲ್ಲಿ ಎಷ್ಟು ಪಾಲು ಅವುಗಳದೇ ಎಂಬುದು ತಿಳಿದು ದಂಗಾಗುವವರಿದ್ದಾರೆ.

ಅಲೆಕ್ಸ್ ಇಮಾಸ್ ಎಂಬ ಅರ್ಥಶಾಸ್ತ್ರಜ್ಞ 2016ರಲ್ಲಿ ಪ್ರಕಟಿಸಿದ ಸಂಶೋಧನೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಷ್ಟ ಕಾಗದದ ಮೇಲಷ್ಟೇ ಇದ್ದಾಗ ಜನ ಮುಂದಿನ ಸುತ್ತಿನಲ್ಲಿ ಹೆಚ್ಚು ಅಪಾಯಕ್ಕೆ ಕೈಹಾಕಿದರು. ಅದೇ ನಷ್ಟದ ಹಣವನ್ನು ಅವರ ಕೈಯಿಂದ ನಿಜಕ್ಕೂ ತೆಗೆದುಕೊಂಡು ಲೆಕ್ಕ ಮುಗಿಸಿದಾಗ ಅಪಾಯದಿಂದ ಹಿಂದೆ ಸರಿದರು. ಮೇಲ್ನೋಟಕ್ಕೆ ನಮ್ಮ ಉದಾಹರಣೆ ಇದಕ್ಕೆ ವಿರುದ್ಧವಾಗಿದೆ. ಆತ 21,500ರಲ್ಲಿ ಮಾರಿ ನಷ್ಟವನ್ನು ಮುಗಿಸಿಯೇ ಇದ್ದನಲ್ಲ. ಆದರೆ ಅವನ ಮನಸ್ಸಿನ ಲೆಕ್ಕ ಮುಗಿದಿರಲಿಲ್ಲ. ಪರದೆಯ ಮೇಲೆ ‘ಇಂದಿನ ಲಾಭನಷ್ಟ’ ಎಂದು ಆ 43,750 ಕೆಂಪು ಅಕ್ಷರದಲ್ಲಿ ಉಳಿದೇ ಇತ್ತು, ಹೊಸ ವಹಿವಾಟಿನ ಅಂಕಿ ಅದರೊಂದಿಗೆ ಸೇರಿ ಕುಣಿಯುತ್ತಿತ್ತು. ಸೋತ ಮೇಲೆ ಲಾಗೌಟ್ ಆಗುವುದು, ಖಾತೆಯಲ್ಲಿ ಉಳಿದ ಹಣವನ್ನು ಬ್ಯಾಂಕಿಗೆ ವಾಪಸು ಕಳಿಸುವುದು, ಲಾಭನಷ್ಟದ ಕಾಲಂ ಮತ್ತು ಕೊಂಡ ಬೆಲೆಯ ಗೆರೆಯನ್ನು ಮರೆಮಾಡುವುದು, ಇವೆಲ್ಲ ಕ್ಷುಲ್ಲಕ ಉಪಾಯಗಳಂತೆ ಕಂಡರೂ ಮಾಡುವ ಕೆಲಸ ಒಂದೇ: ಹಳೆಯ ಲೆಕ್ಕವನ್ನು ಹೊಸದರಿಂದ ಬೇರ್ಪಡಿಸುವುದು.

ಇಚ್ಛಾಶಕ್ತಿಯ ಮೇಲೆ ಪೂರ್ತಿ ಭಾರ ಹಾಕಲಾಗದು ಎಂಬುದು ಬ್ರೋಕರ್‌ಗಳಿಗೂ ಗೊತ್ತು. ಬೆಂಗಳೂರಿನ ಝೀರೋಧಾ ತನ್ನ ಗ್ರಾಹಕರಿಗೆ ‘ಕಿಲ್ ಸ್ವಿಚ್’ ಕೊಟ್ಟಿದೆ. ಒತ್ತಿದರೆ ಆಯ್ದ ವಿಭಾಗದ ವಹಿವಾಟು ನಿಲ್ಲುತ್ತದೆ, ಮುಂದಿನ 12 ಗಂಟೆ ಮತ್ತೆ ತೆರೆಯುವಂತಿಲ್ಲ. 12 ಗಂಟೆ ಎಂದರೆ ಆ ದಿನದ ಪೇಟೆ ಮುಗಿದುಹೋಗುತ್ತದೆ. ಅವಸರಕ್ಕೆ ಬೇಕಾದ ಸಮಯವನ್ನೇ ಅದು ಕಿತ್ತುಕೊಳ್ಳುತ್ತದೆ. ಇದರ ಮಿತಿಯೂ ಸ್ಪಷ್ಟವಿದೆ. ಒತ್ತಬೇಕಾದವನು ಅದೇ ಕುದಿಯುವ ಮನಸ್ಸಿನ ಮನುಷ್ಯ. ಬಹಳ ಜನರ ಬಳಿ ಇನ್ನೊಂದು ಬ್ರೋಕರ್‌ನ ಆ್ಯಪ್ ಕೂಡ ಇರುತ್ತದೆ.

ನಷ್ಟದ ನಂತರ ಲಾಟ್ ಇಳಿಸಿ ಎಂದು ಅನುಭವಿಗಳು ಹೇಳುತ್ತಾರೆ. ಒಳ್ಳೆಯ ಸಲಹೆ, ಆದರೆ ಒಂದೇ ಲಾಟ್ ಆಡುವ ಸಣ್ಣ ಬಂಡವಾಳದವನು ಅದಕ್ಕಿಂತ ಕೆಳಗಿಳಿಯುವುದಾದರೂ ಎಲ್ಲಿಗೆ? 2024ರ ನವೆಂಬರ್‌ನಲ್ಲಿ ಸೆಬಿಯ ಹೊಸ ನಿಯಮಗಳಂತೆ ನಿಫ್ಟಿ ಲಾಟ್ 25ರಿಂದ 75ಕ್ಕೆ ಏರಿತು. ಸಣ್ಣವರು ಯೋಚಿಸದೆ ನುಗ್ಗುವುದು ತಪ್ಪಲಿ ಎಂಬುದು ಉದ್ದೇಶ. ಜೂನ್‌ನ ಆ ಲೆಕ್ಕವನ್ನೇ 75ರ ಲಾಟ್‌ನಲ್ಲಿ ಮತ್ತೆ ಮಾಡಿದರೆ 99,750 ರೂಪಾಯಿಯ ಜಾಗದಲ್ಲಿ 2,99,250 ಬರುತ್ತದೆ. ಫ್ಯೂಚರ್ಸ್ ದುಬಾರಿಯಾದಾಗ ಕಣ್ಣು ಹೊರಳುವುದು ಎಕ್ಸ್‌ಪೈರಿ ದಿನದ ಅಗ್ಗದ ಆಪ್ಷನ್‌ಗಳತ್ತ. ಸೂಚ್ಯಂಕದಿಂದ ಬಲು ದೂರದ ಸ್ಟ್ರೈಕ್, ನಾಲ್ಕೈದು ರೂಪಾಯಿ ಪ್ರೀಮಿಯಂ, ಬಂದರೆ ಹತ್ತು ಪಟ್ಟು.

ಕುದುರೆ ಜೂಜಿನ ಮೇಲೆ ಅಮೆರಿಕದಲ್ಲಿ 1950ರ ದಶಕದಲ್ಲಿ ನಡೆದ ಅಧ್ಯಯನವೊಂದು, ಗೆಲ್ಲುವ ಸಾಧ್ಯತೆ ತೀರಾ ಕಡಿಮೆಯಿರುವ ಕುದುರೆಗಳತ್ತ ಜನರ ಹಣ ಹೆಚ್ಚು ಹರಿಯುವುದು ದಿನದ ಕೊನೆಯ ರೇಸ್‌ನಲ್ಲಿ ಎಂದು ಕಂಡುಕೊಂಡಿತ್ತು. ಅಷ್ಟು ಹೊತ್ತಿಗೆ ಹೆಚ್ಚಿನವರು ಸೋತಿರುತ್ತಾರೆ. ಅಂದಿನ ನಷ್ಟವನ್ನು ಒಂದೇ ಏಟಿಗೆ ತುಂಬಬಲ್ಲ ಕುದುರೆ ಅದೊಂದೇ ಎಂಬುದು ಕಾಹ್ನೆಮನ್ ಮತ್ತು ಟ್ವೆರ್‌ಸ್ಕಿ ಕೊಟ್ಟ ವಿವರಣೆ. ಎಕ್ಸ್‌ಪೈರಿ ದಿನ ಮಧ್ಯಾಹ್ನ ಎರಡೂವರೆಯ ನಂತರ ದೂರದ ಸ್ಟ್ರೈಕ್ ಕೊಳ್ಳುವವನು ನಿಂತಿರುವುದು ಇದೇ ಜಾಗದಲ್ಲಿ. ಉಳಿದಿರುವುದು ಒಂದು ಗಂಟೆಗೂ ಕಡಿಮೆ. ಪ್ರೀಮಿಯಂ ಅಗ್ಗವಾಗಿರುವುದು ಅದು ಸೊನ್ನೆಯಾಗುವ ಸಾಧ್ಯತೆಯೇ ಹೆಚ್ಚು ಎಂಬ ಕಾರಣಕ್ಕೆ. ಬೆಳಿಗ್ಗೆಯಿಂದ ಏನನ್ನೂ ಕಳೆದುಕೊಳ್ಳದವನಿಗೆ ಆ ಚಾರ್ಟ್‌ನಲ್ಲಿ ಕೊಳ್ಳಲು ಕಾರಣ ಸಿಗುವುದು ಕಷ್ಟ. ಮೂವತ್ತು ಸಾವಿರ ಕಳೆದುಕೊಂಡವನು ಒಂದು ನಿಮಿಷದ ಚಾರ್ಟ್ ತೆರೆಯುತ್ತಾನೆ, ಕೊನೆಯ ಮೂರು ಹಸಿರು ಕ್ಯಾಂಡಲ್‌ಗಳನ್ನು ನೋಡುತ್ತಾನೆ, ಮತ್ತು ಎಷ್ಟು ಲಾಟ್ ಕೊಂಡರೆ ಮೂವತ್ತು ಸಾವಿರ ವಾಪಸು ಬರುತ್ತದೆ ಎಂದು ಲೆಕ್ಕ ಹಾಕತೊಡಗುತ್ತಾನೆ.